ಹದಿನೈದು ಕುಂಡ ಏಳಾದ ಲೆಕ್ಕ

ನರ್ಸರಿಗೆ ಹೋಗಿ ಕಣ್ಣಿಗೆ ಚೆಂದ ಕಂಡಷ್ಟು ಕುಂಡ ಕೊಂಡು ತಂದು, ಮನೆಗೆ ಬಂದ ಮೇಲೆ ಅವುಗಳಿಗೆ ಜಾಗ ಹುಡುಕುವುದು ನಮ್ಮಲ್ಲಿ ರೂಢಿ. ಮೊದಲ ವಾರ ಬಾಲ್ಕನಿ ತುಂಬಿದಂತೆ ಕಾಣುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಗಿಡಗಳು ಒಂದರೊಳಗೊಂದು ನುಗ್ಗಿ, ಕಸ ಗುಡಿಸಲು ಪೊರಕೆ ಹೋಗದೆ, ನೀರು ಹೋಗುವ ಕಂಡಿ ಕಟ್ಟಿಕೊಂಡು, ಒಂದೊಂದೇ ಕುಂಡ ತಾರಸಿಗೆ ಹೋಗಿ ಒಣಗುತ್ತದೆ. ಈ ಫಜೀತಿ ತಪ್ಪಿಸಲು ಬೇಕಾಗುವುದು ಒಂದು ಟೇಪು, ಒಂದು ಚೂರು ಸೀಮೆಸುಣ್ಣ ಮತ್ತು ಪ್ರಾಥಮಿಕ ಶಾಲೆಯ ಭಾಗಾಕಾರ. ಅದನ್ನು ಒಂದು ಪುಟ್ಟ ಕಥೆಯ ಮೂಲಕ ನೋಡೋಣ. ಕಥೆಯ ಹುಡುಗಿ ಆರನೇ ತರಗತಿಯಲ್ಲಿದ್ದಾಳೆ. ಮನೆಯಲ್ಲಿ ಕರೆಯುವಂತೆ ನಾವೂ ಅವಳನ್ನು ಪುಟ್ಟಿ ಎಂದೇ ಕರೆಯೋಣ.

ಪುಟ್ಟಿಯ ಮನೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದೆ. ಬಾಲ್ಕನಿ ಪೂರ್ವಕ್ಕೆ ತೆರೆದಿದೆ. ಎರಡೂ ಪಕ್ಕದಲ್ಲಿ ಗೋಡೆ, ಎದುರಿಗೆ ಕಬ್ಬಿಣದ ಕಂಬಿಗಳ ರೇಲಿಂಗು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಲ್ಲಿ ಸೊಪ್ಪು, ಮೆಣಸಿನಕಾಯಿ, ಟೊಮೆಟೊ ಬೆಳೆಯಬೇಕೆಂದು ಅವಳ ಆಸೆ. ಅಪ್ಪ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: "ಎಷ್ಟು ಕುಂಡ ಬೇಕು ಅಂತ ಮೊದಲು ಹೇಳು. ಆಮೇಲೆ ನರ್ಸರಿಗೆ ಹೋಗೋಣ."

ಮೊದಲ ಅಳತೆ: ರೇಲಿಂಗಿನ ಉದ್ದ

ಪುಟ್ಟಿ ಕಂಪಾಸ್ ಡಬ್ಬಿಯ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಂಡಳು. ಎಡಗೋಡೆಗೆ ತಾಗಿಸಿ ಇಟ್ಟು, ಅದು ಮುಗಿದಲ್ಲಿ ಬೆರಳಿಟ್ಟು, ಬೆರಳಿನಿಂದ ಮುಂದಕ್ಕೆ ಮತ್ತೆ ಇಡುತ್ತ ಹೋದಳು. ಒಂಬತ್ತು ಸಲ ಪೂರ್ತಿ ಇಟ್ಟಳು, ಕೊನೆಗೆ ಸ್ವಲ್ಪ ಉಳಿಯಿತು. ಲೆಕ್ಕ ಹಾಕಿದರೆ ಸುಮಾರು 275 ಸೆಂ.ಮೀ. ಬಂತು.

ಅಜ್ಜಿ ಹೊಲಿಗೆ ಡಬ್ಬಿಯಿಂದ ಟೇಪು ತಂದುಕೊಟ್ಟರು. ದರ್ಜಿಗಳ ಆ ಟೇಪಿನಲ್ಲಿ ಒಂದು ಬದಿಗೆ 150 ಸೆಂ.ಮೀ., ಇನ್ನೊಂದು ಬದಿಗೆ 60 ಇಂಚು ಇರುತ್ತದೆ. ಪುಟ್ಟಿ ಸೆಂ.ಮೀ. ಬದಿಯನ್ನೇ ಹಿಡಿದು 150 ಮುಗಿದಲ್ಲಿ ಸೀಮೆಸುಣ್ಣದ ಗೀಟು ಹಾಕಿ, ಅಲ್ಲಿಂದ ಬಲಗೋಡೆಯವರೆಗೆ ಅಳೆದಳು. ಆ ಭಾಗ 134 ಬಂತು, ಎರಡೂ ಕೂಡಿದರೆ 284 ಸೆಂ.ಮೀ. ಬಲದಿಂದ ಎಡಕ್ಕೆ ಇನ್ನೊಮ್ಮೆ ಅಳೆದಾಗಲೂ ಅಷ್ಟೇ ಬಂತು.

ಹಾಗಾದರೆ ಸ್ಕೇಲು ಒಂಬತ್ತು ಸೆಂ.ಮೀ. ನುಂಗಿದ್ದು ಎಲ್ಲಿ? ಶಾಲೆಯ ಸ್ಕೇಲಿನಲ್ಲಿ ಸೊನ್ನೆಯ ಗೀಟು ಅಂಚಿನಿಂದ ಸ್ವಲ್ಪ ಒಳಗಿರುತ್ತದೆ, 30ರ ಗೀಟಿನ ಆಚೆಗೂ ಸ್ವಲ್ಪ ಪ್ಲಾಸ್ಟಿಕ್ ಉಳಿದಿರುತ್ತದೆ. ಪುಟ್ಟಿಯ ಸ್ಕೇಲಿನಲ್ಲಿ ಎರಡೂ ತುದಿಗೆ ಅರ್ಧರ್ಧ ಸೆಂ.ಮೀ. ಹೆಚ್ಚಿತ್ತು. ಅಂಚಿಗೆ ಅಂಚು ತಾಗಿಸಿ ಇಟ್ಟಾಗ ಪ್ರತಿ ಸಲ 31 ಸೆಂ.ಮೀ. ಮುಂದೆ ಹೋಗಿ 30 ಎಂದು ಬರೆದುಕೊಂಡಂತಾಯಿತು. ಒಂದು ಸಲ ಇಟ್ಟರೆ ಕಾಣದ ತಪ್ಪು, ಒಂಬತ್ತು ಸಲ ಸೇರಿ ಒಂದು ಅಂಗೈಯಷ್ಟಾಯಿತು. ಉದ್ದ ದೊಡ್ಡದಾದಷ್ಟೂ ಅಳತೆಗೋಲನ್ನು ಎತ್ತಿಡುವ ಸಲ ಕಡಿಮೆಯಾಗಬೇಕು ಎಂಬುದಕ್ಕೆ ಕಾರಣ ಇದೇ. ಮರಗೆಲಸದವರ ಬಳಿಯ ಉಕ್ಕಿನ ಟೇಪು ಸಿಕ್ಕರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಅದರ ತುದಿಯ ಕೊಕ್ಕೆ ಚೂರು ಅಲ್ಲಾಡುತ್ತದೆಂದು ಗಾಬರಿಯಾಗಬೇಕಿಲ್ಲ. ಎಳೆದು ಅಳೆದರೂ ಗೋಡೆಗೆ ಒತ್ತಿ ಅಳೆದರೂ ಸೊನ್ನೆ ಸರಿಯಾದ ಕಡೆಯೇ ಬೀಳಲೆಂದು ಕೊಕ್ಕೆಯನ್ನು ಅದರ ದಪ್ಪದಷ್ಟು ಸರಿಯುವಂತೆ ಬೇಕೆಂದೇ ಮಾಡಿರುತ್ತಾರೆ.

ಎರಡನೆಯ ಅಳತೆ: ಕುಂಡದ ಬಾಯಿ

ಮಾದರಿಗೆಂದು ಮನೆಯಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಕುಂಡ ಇತ್ತು. ನರ್ಸರಿಯವರು "ಹತ್ತು ಇಂಚಿನ ಪಾಟ್" ಎನ್ನುವ ಅಳತೆಯದು. ಪುಟ್ಟಿ ಅದನ್ನು ನೆಲದ ಮೇಲಿಟ್ಟು ತಳದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಆ ವೃತ್ತದ ಅಗಲ ಅಳೆದಳು. 18 ಸೆಂ.ಮೀ. ಇತ್ತು. 284ನ್ನು 18ರಿಂದ ಭಾಗಿಸಿದರೆ 15 ಬಂದು, 14 ಸೆಂ.ಮೀ. ಉಳಿಯುತ್ತದೆ. "ಅಪ್ಪಾ, ಹದಿನೈದು ಕುಂಡ!" ಎಂದು ಕೂಗಿದಳು.

ಅಪ್ಪ ಅದೇ ಕುಂಡವನ್ನು ಗೋಡೆಗೆ ತಾಗಿಸಿ ಇಟ್ಟು, "ತಳ ಗೋಡೆಗೆ ತಾಗಿದೆಯಾ ನೋಡು" ಎಂದರು. ತಾಗಿರಲಿಲ್ಲ. ಗೋಡೆಗೆ ತಾಗಿದ್ದು ಮೇಲಿನ ಅಂಚು. ಕುಂಡಗಳು ಮೇಲೆ ಅಗಲ, ಕೆಳಗೆ ಕಿರಿದು. ಗಿಡವನ್ನು ಬೇರಿನ ಮಣ್ಣುಗಟ್ಟಿಯ ಸಮೇತ ಹೊರಗೆ ಜಾರಿಸಲೂ, ಖಾಲಿ ಕುಂಡಗಳನ್ನು ಒಂದರೊಳಗೊಂದು ಇಟ್ಟು ಸಾಗಿಸಲೂ ಈ ಆಕಾರವೇ ಅನುಕೂಲ. ಹಾಗಾಗಿ ಸಾಲಿನಲ್ಲಿಟ್ಟಾಗ ಜಾಗ ಹಿಡಿಯುವುದು ಬಾಯಿಯ ಅಂಚೇ. ಅದರಲ್ಲೂ ಹೊರಕ್ಕೆ ಮಡಿಚಿದ ಅಂಚನ್ನು ಸೇರಿಸಿಯೇ ಅಳೆಯಬೇಕು.

ವೃತ್ತದ ನಟ್ಟನಡುವೆ ಎಲ್ಲಿದೆಯೆಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ, ಟೇಪು ಚೂರು ಸರಿದರೂ ಅಳತೆ ಕಡಿಮೆ ಬರುತ್ತದೆ. ಇದಕ್ಕೆ ಎರಡು ಉಪಾಯಗಳಿವೆ. ಕುಂಡದ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ನೆಟ್ಟಗೆ ನಿಲ್ಲಿಸಿದ ದಪ್ಪ ಪುಸ್ತಕ ಇಟ್ಟು, ಗೋಡೆಗೂ ಪುಸ್ತಕಕ್ಕೂ ನಡುವಿನ ದೂರ ಅಳೆಯುವುದು ಒಂದು. ಬಾಯಿಯ ಸುತ್ತ ದಾರ ಸುತ್ತಿ ಅದರ ಉದ್ದವನ್ನು 3.14ರಿಂದ ಭಾಗಿಸುವುದು ಇನ್ನೊಂದು. ಪುಟ್ಟಿಯ ದಾರ ಎಪ್ಪತ್ತೆಂಟೂವರೆ ಸೆಂ.ಮೀ. ಬಂತು, ಅಂದರೆ ಅಗಲ 25. ಹತ್ತು ಇಂಚು ಎಂದರೆ ಲೆಕ್ಕದ ಪ್ರಕಾರ 25.4 ಸೆಂ.ಮೀ. ಆಗಬೇಕಾದರೂ ತಯಾರಕರಿಂದ ತಯಾರಕರಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಅಂಗಡಿಯವರು ಹೇಳಿದ ಇಂಚನ್ನು ನಂಬಿ ಕೂರದೆ, ಕೊಳ್ಳುವ ಕುಂಡಕ್ಕೇ ಟೇಪು ಹಿಡಿಯುವುದು ಒಳ್ಳೆಯದು.

284ನ್ನು 25ರಿಂದ ಭಾಗಿಸಿದರೆ 11. ಹದಿನೈದು ಕುಂಡ ಹನ್ನೊಂದಕ್ಕೆ ಇಳಿಯಿತು.

ಮೂರನೆಯ ಅಳತೆ: ನಡುವಿನ ಜಾಗ

ಹನ್ನೊಂದು ಕುಂಡ ಹಿಡಿಯುವುದು ಅಂಚಿಗೆ ಅಂಚು ಒತ್ತಿಕೊಂಡಾಗ. ಅಜ್ಜಿ ಅದಕ್ಕೆ ಒಪ್ಪಲಿಲ್ಲ. "ಗಿಡ ಏನು ಕುಂಡದಷ್ಟೇ ಇರುತ್ತಾ ಮಗಾ? ಅದು ಕೈಕಾಲು ಚಾಚಲ್ವಾ?" ಎಂದು ಕೇಳಿದರು.

ಎಲೆಗಳು ಒತ್ತೊತ್ತಾಗಿ ಬೆಳೆದರೆ ನಡುವೆ ಗಾಳಿಯಾಡುವುದಿಲ್ಲ. ನೀರು ಹಾಕಿದಾಗ, ಮಳೆ ಎರಚಿದಾಗ ನೆನೆದ ಎಲೆ ಬೇಗ ಆರುವುದಿಲ್ಲ, ಎಲೆಚುಕ್ಕೆ ಕಾಣಿಸಿಕೊಳ್ಳುತ್ತದೆ. ಒಂದು ಗಿಡದ ಮೇಲೆ ಕುಳಿತ ಬಿಳಿ ಹತ್ತಿಯಂಥ ಹಿಟ್ಟುತಿಗಣೆ, ತಾಗಿಕೊಂಡ ಎಲೆಗಳ ಮೇಲೆಯೇ ನಡೆದು ಪಕ್ಕದ ಕುಂಡಕ್ಕೆ ಹೋಗುತ್ತದೆ. ಕುಂಡವನ್ನು ತಿರುಗಿಸಲು, ಎತ್ತಿ ಕೆಳಗೆ ಒರೆಸಲು ಕೈ ಹೋಗಬೇಕು. ಹಾಗಾಗಿ ಅಜ್ಜಿಯ ಕೈ ಬಳೆಗಳ ಸಮೇತ ಸಲೀಸಾಗಿ ಹೋಗುವಷ್ಟು ಜಾಗವನ್ನೇ ಪುಟ್ಟಿ ಅಳತೆಯಾಗಿ ಇಟ್ಟುಕೊಂಡಳು. ಅದು 11 ಸೆಂ.ಮೀ.

ಇಲ್ಲಿಯೇ ದೊಡ್ಡವರೂ ಎಡವುವ ಲೆಕ್ಕ ಬರುತ್ತದೆ. ಒಂದು ಕುಂಡ 25, ಒಂದು ಸಂದು 11, ಕೂಡಿದರೆ 36. ಪುಟ್ಟಿ 284ನ್ನು 36ರಿಂದ ಭಾಗಿಸಿ 7 ಎಂದು ಬರೆದಳು, 32 ಸೆಂ.ಮೀ. ಉಳಿಯಿತು. ಆಮೇಲೆ ಉಳಿದ ಆ 32ನ್ನೇ ದಿಟ್ಟಿಸಿ, "ಇದರಲ್ಲಿ ಇನ್ನೊಂದು ಕುಂಡ ಹಿಡಿಯುತ್ತಲ್ಲ!" ಎಂದಳು. ನಿಜವೇ, ಕುಂಡಕ್ಕೆ 25 ಸಾಕು. ಭಾಗಾಕಾರ ಪ್ರತಿ ಕುಂಡದ ಬೆನ್ನಿಗೂ ಒಂದು ಸಂದನ್ನು ಕಟ್ಟಿಕೊಟ್ಟಿತ್ತು. ಆದರೆ ಕೊನೆಯ ಕುಂಡದ ಆಚೆಗೆ ಇನ್ನೊಂದು ಕುಂಡವಿಲ್ಲ, ಸಂದೂ ಬೇಕಿಲ್ಲ. ನಿಮ್ಮ ಕೈಯ ಬೆರಳು ಅಗಲಿಸಿ ನೋಡಿ: ಬೆರಳು ಐದು, ನಡುವಿನ ಸಂದು ನಾಲ್ಕು. ಎಂಟು ಕುಂಡಕ್ಕೆ ಬೇಕಾಗುವುದು ಏಳೇ ಸಂದು. ಎಂಟು ಕುಂಡಕ್ಕೆ 200 ಸೆಂ.ಮೀ., ಏಳು ಸಂದಿಗೆ 77, ಒಟ್ಟು 277. ಇನ್ನೂ 7 ಸೆಂ.ಮೀ. ಉಳಿಯುತ್ತದೆ. ಅದನ್ನು ಎರಡು ಗೋಡೆಗಳ ಕಡೆಗೆ ಮೂರೂವರೆಯಂತೆ ಹಂಚಿದರಾಯಿತು.

ಇದನ್ನು ಒಂದೇ ಭಾಗಾಕಾರದಲ್ಲಿ ಮಾಡಬೇಕೆಂದರೆ ಒಂದು ಸುಲಭದ ದಾರಿಯಿದೆ. ರೇಲಿಂಗಿನ ಉದ್ದಕ್ಕೆ ಮೊದಲು ಒಂದು ಸಂದನ್ನು ಕೂಡಿಸಿ, ಆಮೇಲೆ ಭಾಗಿಸಿ. 284ಕ್ಕೆ 11 ಕೂಡಿದರೆ 295. ಅದನ್ನು 36ರಿಂದ ಭಾಗಿಸಿದರೆ 8 ಬರುತ್ತದೆ. ಕೊನೆಯ ಕುಂಡಕ್ಕೂ ಒಂದು ಸಂದನ್ನು ಸಾಲ ಕೊಟ್ಟು ಎಲ್ಲವನ್ನೂ ಸಮ ಮಾಡಿಕೊಳ್ಳುವ ಉಪಾಯವಿದು. ಸಂದು ಯಾವಾಗಲೂ ಒಂದು ಕಡಿಮೆಯೇ ಇರುತ್ತದೆಂದು ಮಾತ್ರ ತಿಳಿಯಬಾರದು. ಸಾಲಿನ ಎರಡೂ ತುದಿಯಲ್ಲಿ ಗೋಡೆಗೂ ಅಷ್ಟೇ ಸಂದು ಬಿಡಬೇಕೆಂದರೆ ಸಂದುಗಳು ಕುಂಡಗಳಿಗಿಂತ ಒಂದು ಹೆಚ್ಚು. ತುಳಸಿಕಟ್ಟೆಯ ಸುತ್ತ ಕುಂಡ ಇಡುವುದಾದರೆ ಕುಂಡದಷ್ಟೇ ಸಂದು. ತುದಿಯಲ್ಲಿ ಏನಿದೆ ಎಂಬುದನ್ನು ನೋಡಿಯೇ ಲೆಕ್ಕ ಮಾಡಬೇಕು.

ಕಂಬಿಗಳೇ ಅಳತೆಗೋಲು

ಈಗ ಪುಟ್ಟಿಯ ಕಣ್ಣು ರೇಲಿಂಗಿನ ಕಂಬಿಗಳ ಮೇಲೆ ಬಿತ್ತು. ಅವನ್ನು ಎಣಿಸಿದಳು: 23. ಒಂದು ಕಂಬಿಯ ನಡುವಿನಿಂದ ಮುಂದಿನ ಕಂಬಿಯ ನಡುವಿಗೆ 12 ಸೆಂ.ಮೀ. ಇತ್ತು, ಗೋಡೆಗೂ ಮೊದಲ ಕಂಬಿಗೂ 10 ಸೆಂ.ಮೀ. ಕಂಬಿಗಳ ನಡುವೆ ಇಪ್ಪತ್ತೆರಡು ಸಂದು, ಅವಕ್ಕೆ 264. ಎರಡು ತುದಿಗೆ ಹತ್ತು ಹತ್ತು ಸೇರಿ 284. ಟೇಪಿನ ಅಳತೆ ಇನ್ನೊಂದು ದಾರಿಯಿಂದಲೂ ತಾಳೆಯಾಯಿತು.

ಅದಕ್ಕಿಂತ ಖುಷಿ ಕೊಟ್ಟದ್ದು ಇನ್ನೊಂದು. ಒಂದು ಕುಂಡ ಮತ್ತು ಒಂದು ಸಂದು ಸೇರಿ 36 ಸೆಂ.ಮೀ., ಅಂದರೆ ಸರಿಯಾಗಿ ಮೂರು ಕಂಬಿ ಸಂದಿನಷ್ಟು. ಮೊದಲ ಕುಂಡದ ನಡು ಗೋಡೆಯಿಂದ 16 ಸೆಂ.ಮೀ. ದೂರದಲ್ಲಿ, 1 ಮತ್ತು 2ನೇ ಕಂಬಿಗಳ ನಟ್ಟನಡುವೆ ಬರುತ್ತದೆ. ಮುಂದಿನದು 4 ಮತ್ತು 5ರ ನಡುವೆ, ಆಮೇಲೆ 7 ಮತ್ತು 8ರ ನಡುವೆ. ಹೀಗೆ 1, 4, 7, 10, 13, 16, 19, 22ನೇ ಕಂಬಿಗಳಿಗೆ ಒಂದೊಂದು ಬಣ್ಣದ ದಾರ ಕಟ್ಟಿದರೆ ಎಂಟು ಕುಂಡಗಳ ಜಾಗ ಗುರುತಾಯಿತು. ಎಲ್ಲರ ಮನೆಯ ರೇಲಿಂಗಿನಲ್ಲೂ ಇಷ್ಟು ಸರಿಯಾಗಿ ಕೂಡಿಬರುವುದಿಲ್ಲ. ಆದರೆ ನಡುವಿನ ಜಾಗವನ್ನು ಒಂದೆರಡು ಸೆಂ.ಮೀ. ಹಿಗ್ಗಿಸಿ ಕುಗ್ಗಿಸಿ ಕಂಬಿ ಲೆಕ್ಕಕ್ಕೆ ಹೊಂದಿಸಿಕೊಂಡರೆ, ಮುಂದೆ ಪ್ರತಿ ಸಲ ಕುಂಡ ಎತ್ತಿ ತೊಳೆದು ಮತ್ತೆ ಇಡುವಾಗ ಟೇಪು ಬೇಕಾಗುವುದಿಲ್ಲ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಬಾಕಿಯಿತ್ತು. ಹಳೆಯ ದಿನಪತ್ರಿಕೆಯಲ್ಲಿ 25 ಸೆಂ.ಮೀ. ಅಗಲದ ಎಂಟು ವೃತ್ತ ಕತ್ತರಿಸಿ, ದಾರ ಕಟ್ಟಿದ ಕಂಬಿಗಳ ಮುಂದೆ ನೆಲದ ಮೇಲೆ ಹಾಸಿ, ಅದರ ಮೇಲೊಂದು ಕಲ್ಲಿಟ್ಟು, ಒಂದು ದಿನ ಮನೆಯವರೆಲ್ಲ ಎಂದಿನಂತೆ ಓಡಾಡಿದರು. ಅಮ್ಮ ಬಟ್ಟೆ ಒಣಹಾಕಿದರು, ನೆಲ ತೊಳೆದರು. ತೊಳೆಯುವಾಗ ಗೊತ್ತಾಯಿತು: ನೀರು ಹೋಗುವ ಕಂಡಿ ಎಡ ಮೂಲೆಯಲ್ಲಿದೆ, ಮೊದಲ ಕಾಗದ ಸರಿಯಾಗಿ ಅದರ ಮೇಲೆಯೇ ಕುಳಿತಿದೆ. ಕುಂಡದಿಂದ ಇಳಿಯುವ ಮಣ್ಣು, ಒಣಗಿದ ಎಲೆ ಎಲ್ಲ ಬಂದು ಸೇರುವುದೂ ಆ ಕಂಡಿಗೇ. ಅಲ್ಲಿಗೆ ಕೈ ಹೋಗದಿದ್ದರೆ ಮೊದಲ ಜೋರು ಮಳೆಗೆ ಬಾಲ್ಕನಿ ತುಂಬಿ ನೀರು ಹಾಲಿಗೆ ಬರುತ್ತದೆ. ಮೊದಲ ಕುಂಡ ಬಿಟ್ಟರೆ ಗೋಡೆಯಿಂದ ಮುಂದಿನ ಕುಂಡದ ಅಂಚಿನವರೆಗೆ 39.5 ಸೆಂ.ಮೀ. ಸಿಗುತ್ತದೆ. ಹಾಗೆಯೇ ಮಾಡಿದರು. ಎಂಟು ಏಳಾಯಿತು.

ಬಿಸಿಲು ಎಲ್ಲಿಯವರೆಗೆ, ಭಾರ ಎಷ್ಟು

ಏಳು ಕುಂಡಕ್ಕೆ ಯಾವ ಗಿಡ ಎಂಬುದೂ ಅಳತೆಯ ಮಾತೇ. ಎರಡು ಕುಂಡಗಳ ನಡುವಿಂದ ನಡುವಿಗೆ 36 ಸೆಂ.ಮೀ. ಇದೆ. ಟೊಮೆಟೊ, ಮೆಣಸಿನ ಗಿಡಗಳು ಚೆನ್ನಾಗಿ ಬೆಳೆದರೆ ಅರ್ಧ ಮೀಟರಿನಷ್ಟು ಹರಡುತ್ತವೆ, ಅವನ್ನು ಅಕ್ಕಪಕ್ಕ ಇಟ್ಟರೆ ಜಗಳ ಖಂಡಿತ. ಅಜ್ಜಿ ಹೇಳಿದಂತೆ ಪುಟ್ಟಿ ಒಂದು ಹರಡುವ ಗಿಡ, ಒಂದು ಗಿಡ್ಡ ಸೊಪ್ಪು ಎಂದು ಸಾಲು ಬರೆದಳು: ಟೊಮೆಟೊ, ಕೊತ್ತಂಬರಿ, ಮೆಣಸಿನಕಾಯಿ, ಮೆಂತ್ಯ, ಇನ್ನೊಂದು ಮೆಣಸಿನಕಾಯಿ, ಪುದೀನ, ಕೊನೆಗೆ ದೊಡ್ಡಪತ್ರೆ. ಹೀಗೆ ಇಟ್ಟಾಗ ಎರಡು ಹರಡುವ ಗಿಡಗಳ ನಡುವೆ 72 ಸೆಂ.ಮೀ. ಸಿಕ್ಕಿತು.

ದೊಡ್ಡಪತ್ರೆ ಬಲತುದಿಗೆ ಹೋದದ್ದಕ್ಕೆ ಕಾರಣವಿದೆ. ಪೂರ್ವಕ್ಕೆ ಮುಖಮಾಡಿ ನಿಂತರೆ ಬಲಗಡೆ ದಕ್ಷಿಣ. ಬೆಂಗಳೂರಿನಲ್ಲಿ ಡಿಸೆಂಬರಿನ ಸೂರ್ಯ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ಹಾಗಾಗಿ ಚಳಿಗಾಲದಲ್ಲಿ ಬಲಗೋಡೆಯ ನೆರಳು ಬಲತುದಿಯ ಕುಂಡದ ಮೇಲೆ ಬೀಳುತ್ತದೆ, ಮಳೆಗಾಲದ ಆರಂಭದಲ್ಲಿ ಎಡಗೋಡೆಯ ನೆರಳು ಎಡತುದಿಗೆ. ಪಕ್ಕದ ಗೋಡೆ ರೇಲಿಂಗಿನಿಂದ ಹೊರಕ್ಕೆ ಚಾಚಿದ್ದರೆ ಈ ನೆರಳು ಇನ್ನೂ ಉದ್ದ. ಮೇ ತಿಂಗಳ ಒಂದು ಬೆಳಗ್ಗೆ ನೋಡಿ ಇಡೀ ವರ್ಷದ ಬಿಸಿಲನ್ನು ತೀರ್ಮಾನಿಸಬಾರದು. ರಜೆಯ ದಿನ ಗಂಟೆಗೊಮ್ಮೆ ಬಿಸಿಲು ಯಾವ ಕಂಬಿಯಿಂದ ಯಾವ ಕಂಬಿಯವರೆಗೆ ಇದೆ ಎಂದು ಬರೆದಿಟ್ಟು, ಆರು ತಿಂಗಳ ನಂತರ ಮತ್ತೆ ಬರೆದರೆ ಚಿತ್ರ ಪೂರ್ತಿಯಾಗುತ್ತದೆ. ಟೊಮೆಟೊ, ಮೆಣಸಿಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ಪುದೀನ, ದೊಡ್ಡಪತ್ರೆ ಅದಕ್ಕಿಂತ ಕಡಿಮೆಯಲ್ಲೂ ಬದುಕುತ್ತವೆ.

ಇನ್ನು ಭಾರ. ಈ ಅಳತೆಯ ಕುಂಡದಲ್ಲಿ ಏಳು ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ನೆನೆದ ಕೆಮ್ಮಣ್ಣು ಲೀಟರಿಗೆ ಸುಮಾರು ಒಂದೂಮುಕ್ಕಾಲು ಕಿಲೋ ತೂಗುವುದರಿಂದ ಒಂದು ಕುಂಡ 12 ಕಿಲೋ, ಏಳು ಕುಂಡ 84 ಕಿಲೋ. ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿದರೆ ಇದರ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಮನೆಯ ಬಾಲ್ಕನಿ ನೆಲವನ್ನು ಚದರ ಮೀಟರಿಗೆ ಕನಿಷ್ಠ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರ ತಡೆಯುವಂತೆ ವಿನ್ಯಾಸ ಮಾಡಬೇಕು. ಜನ, ಸಾಮಾನು ಎಲ್ಲ ಅದರಲ್ಲೇ ಸೇರಿತು. ಸರಿಯಾಗಿ ಕಟ್ಟಿದ ಬಾಲ್ಕನಿಗೆ ಪುಟ್ಟಿಯ ಏಳು ಕುಂಡ ಹೊರೆಯಲ್ಲ. ಆದರೆ ಕಟ್ಟಡ ಹಳೆಯದಾಗಿದ್ದು, ಬಾಲ್ಕನಿ ನೆಲ ಗೋಡೆಗೆ ಸೇರುವ ಕಡೆ ಬಿರುಕು ಅಥವಾ ಕೆಳಗಡೆ ತುಕ್ಕಿನ ಕಲೆ ಕಂಡರೆ, ಎಂಜಿನಿಯರ್ ಒಬ್ಬರು ನೋಡುವವರೆಗೆ ಒಂದು ಕುಂಡವನ್ನೂ ಇಡಬಾರದು.

ಈ ಲೆಕ್ಕ ನೆಲದ್ದು, ರೇಲಿಂಗಿನದಲ್ಲ. ಪುಟ್ಟಿಗೆ ಮೊದಲು ಕುಂಡಗಳನ್ನು ಕೊಕ್ಕೆ ಹಾಕಿ ಹೊರಗಡೆಗೆ ತೂಗುಹಾಕುವ ಆಸೆಯಿತ್ತು. ಅಪ್ಪ ಖಡಾಖಂಡಿತವಾಗಿ ಬೇಡವೆಂದರು. ರೇಲಿಂಗು ಇರುವುದು ಮನುಷ್ಯರು ಬೀಳದಂತೆ ತಡೆಯಲು. ಬಿರುಗಾಳಿಗೆ ಕೊಕ್ಕೆ ಜಾರಿದರೆ ಮೂರನೆಯ ಮಹಡಿಯಿಂದ 12 ಕಿಲೋ ಬೀಳುವುದು ಯಾರದೋ ತಲೆಯ ಮೇಲೆ. ಒಳಗಡೆ ನೆಲದ ಮೇಲಿಟ್ಟರೂ ಒಂದು ಅಪಾಯ ಉಳಿದೇ ಇರುತ್ತದೆ. ಕುಂಡ ಪುಟ್ಟ ಮಗುವಿಗೆ ಮೆಟ್ಟಿಲಾಗುತ್ತದೆ. ಅದರ ಮೇಲೆ ಹತ್ತಿದರೆ ಎದೆಮಟ್ಟದ ರೇಲಿಂಗು ಸೊಂಟಮಟ್ಟಕ್ಕೆ ಇಳಿದಂತೆ. ಹತ್ತುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ರೇಲಿಂಗಿಗೆ ಜಾಲರಿ ಹಾಕಿಸದೆ ಅದರ ಬುಡದಲ್ಲಿ ಕುಂಡ ಸಾಲಿಡಲೇಬಾರದು, ಪಕ್ಕದ ಗೋಡೆಯ ಕಡೆ ಇಟ್ಟುಕೊಳ್ಳಬೇಕು.

ಹೀಗೆ ಹದಿನೈದರಿಂದ ಹನ್ನೊಂದು, ಹನ್ನೊಂದರಿಂದ ಎಂಟು, ಎಂಟರಿಂದ ಏಳು. ಒಂದು ಕುಂಡವನ್ನೂ ಕೊಳ್ಳುವ ಮೊದಲೇ ಪುಟ್ಟಿ ಎಂಟು ಕುಂಡದ ದುಡ್ಡು ಉಳಿಸಿದ್ದಳು. ಅಪ್ಪನೊಂದಿಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೋದಾಗ ಅವಳ ಕೈಯಲ್ಲಿ ಟೇಪಿತ್ತು, ಚೀಟಿಯಲ್ಲಿ ಏಳು ಎಂಬ ಸಂಖ್ಯೆಯಿತ್ತು.

ನಿಮ್ಮ ಮನೆಯಲ್ಲೂ ಬಾಲ್ಕನಿ ತೋಟದ ಯೋಚನೆ ಇದ್ದರೆ ಮೊದಲ ಕೆಲಸವನ್ನು ಮಕ್ಕಳ ಕೈಗೆ ಕೊಡಿ. ಗೋಡೆಯಿಂದ ಗೋಡೆಗೆ ಉದ್ದ, ಕುಂಡದ ಬಾಯಿಯ ಹೊರ ಅಗಲ, ಕೈ ಹೋಗುವಷ್ಟು ನಡುವಿನ ಜಾಗ, ಈ ಮೂರನ್ನು ಒಂದೇ ಮಾನದಲ್ಲಿ ಬರೆಸಿ. ಉದ್ದಕ್ಕೆ ಒಂದು ಸಂದು ಕೂಡಿಸಿ ಭಾಗಿಸಲು ಹೇಳಿ. ನೀರಿನ ಕಂಡಿಯ ಜಾಗ ಬಿಟ್ಟು, ಕಾಗದದ ವೃತ್ತ ಹಾಸಿ ಒಂದು ದಿನ ಓಡಾಡಿ ನೋಡಿ. ಆಮೇಲೆ ನರ್ಸರಿಗೆ ಹೊರಡಿ.